ಮೂವತ್ತೊಂದು ಗುಂಡಿ ಮತ್ತು ಒಂದು ಶಿಫಾರಸು ಪತ್ರ

ಪೂಜೆ ಮುಗಿಸಿ ಏಳುವ ಮುಂಚೆ ಬೆರಳಿನ ಗೆಣ್ಣುಗಳ ಮೇಲೆ ನಾಲ್ಕು ಸಂಗತಿ ಎಣಿಸುವುದು ನನ್ನ ರೂಢಿ. ನಲ್ಲಿಗೆ ನೀರು ಬಂತು. ಯಜಮಾನರ ಕೆಮ್ಮು ಇಳಿಯಿತು. ಹಾಲು ಒಡೆಯಲಿಲ್ಲ. ಊರಿಂದ ಅಕ್ಕನ ಕಾಗದ ಬಂತು. ಶಿವ ಕೊಟ್ಟದ್ದು ಸಣ್ಣದಿದ್ದರೂ ಕೊಟ್ಟದ್ದೇ ಎಂದು ತಿಳಿದು ಬದುಕಿದವಳು ನಾನು. ಒಂದು ಸಂಗತಿಯನ್ನು ಮಾತ್ರ ಯಾವ ಗೆಣ್ಣಿನ ಮೇಲೆ ಇಡಬೇಕೋ ಇವತ್ತಿಗೂ ತಿಳಿದಿಲ್ಲ. ಅದು ಒಬ್ಬ ಹುಡುಗಿಗೆ ಯಜಮಾನರು ಕೊಟ್ಟ ಶಿಫಾರಸು ಪತ್ರದ ಸಂಗತಿ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಸೇರಿಸಿಯೇ ಬರೆಯುತ್ತೇನೆ.

ನಾವಾಗ ಶಹಾಪುರದಿಂದ ಸ್ವಲ್ಪ ದೂರದ ಕಾಲುವೆ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿದ್ದೆವು. ಯಜಮಾನರು ಕೃಷಿ ಕಾಲೇಜಿನಲ್ಲಿ ಪ್ರೊಫೆಸರು, ಮಣ್ಣು ಅವರ ವಿಷಯ. ಕಾಲುವೆ ಬಂದು ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿದ್ದವು. ನೀರು ಬಂದದ್ದಕ್ಕೆ ಜನ ಕಾಯಿ ಒಡೆದಿದ್ದರು, ನಾನೂ ಒಡೆದಿದ್ದೆ. ಹತ್ತಿಪ್ಪತ್ತು ವರ್ಷಕ್ಕೆ ಸುರಪುರದ ಕಡೆ, ಕಾಲುವೆಯ ಕೊನೆಯ ಹೊಲಗಳಲ್ಲಿ, ಬೆಳಗಾದರೆ ನೆಲದ ಮೇಲೆ ಬೆಳ್ಳಗೆ ಉಪ್ಪು ಕಾಣತೊಡಗಿತು. ರೈತರು ಅದನ್ನು ಸೌಳು ಎನ್ನುತ್ತಾರೆ. ಸೌಳು ಬಿದ್ದ ಹೊಲದಲ್ಲಿ ಏನೂ ಏಳುವುದಿಲ್ಲ. ಅದು ಯಾಕೆ ಬರುತ್ತದೆ, ಹೇಗೆ ಹೋಗುತ್ತದೆ ಎಂದು ನೋಡುವುದೇ ಯಜಮಾನರ ಆಗಿನ ಕೆಲಸ.

ಆ ಹುಡುಗಿ ಅವರ ವಿದ್ಯಾರ್ಥಿನಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಳು. ಯಾದಗಿರಿ ಹತ್ತಿರದ ಮುದನಾಳದವಳು. ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡುವವರು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ನಮ್ಮ ಅತ್ತೆ ಬದುಕಿದ್ದರೆ ಆಕೆ ನಮ್ಮ ಪಡಸಾಲೆ ದಾಟಿ ಒಳಗೆ ಬರುತ್ತಿರಲಿಲ್ಲ. ಅತ್ತೆ ಹೋದ ಮೇಲೂ ಆಕೆ ಮೊದಲ ಸಲ ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟಾಗ ನನ್ನ ಎದೆ ಒಂದು ಸಲ ಝಲ್ ಎಂದಿತ್ತು. ಅದನ್ನು ಬರೆಯದೆ ಬಿಟ್ಟರೆ ಮುಂದಿನದು ಸುಳ್ಳಾಗುತ್ತದೆ. ಆಮೇಲೆ ರೂಢಿಯಾಯಿತು. ಆಕೆಯೇ ಬಂದು ರೊಟ್ಟಿ ಬುಟ್ಟಿಯ ಮುಚ್ಚಳ ತೆಗೆದು, "ಅಮ್ಮಾರ, ಕಟಿ ರೊಟ್ಟಿ ಅದಾವೇನ್ರಿ?" ಎಂದು ಕೇಳುವಷ್ಟು ರೂಢಿ.

ಸೌಳಿನ ಹೊಲದಲ್ಲಿ ಒಂದು ಹಂಗಾಮು ಪೂರ್ತಿ ಆಕೆ ಗುಂಡಿ ತೋಡಿದ್ದಳು. ಕಾಲೇಜಿನ ಆಳು ಬಾರದ ದಿನ ತಾನೇ ಗುದ್ದಲಿ ಹಿಡಿದವಳು. ಒಟ್ಟು ಮೂವತ್ತೊಂದು ಗುಂಡಿ. ಪ್ರತಿ ವಾರ ಬಸ್ಸಿನಲ್ಲಿ ಹೋಗಿ ಒಂದೊಂದು ಗುಂಡಿಯಲ್ಲೂ ನೀರು ಎಷ್ಟು ಕೆಳಗಿದೆ ಎಂದು ಕೋಲು ಇಳಿಸಿ ಅಳೆಯುವಳು, ಮಣ್ಣನ್ನು ಬಟ್ಟೆಯ ಚೀಲದಲ್ಲಿ ತುಂಬಿ ಚೀಟಿ ಕಟ್ಟುವಳು. ಆ ಚೀಲಗಳನ್ನು ನಮ್ಮ ವರಾಂಡದ ನೆರಳಿನಲ್ಲಿ ಹರವುತ್ತಿದ್ದಳು. ನಾನು ಹಪ್ಪಳ ಒಣಗಿಸಲು ಜಾಗವಿಲ್ಲದೆ ಬೈದದ್ದೂ ಉಂಟು.

"ನಮ್ಮ ಮನ್ಯಾಗ ಮಣ್ಣಿಗೆ ಇರೂ ಮರ್ಯಾದಿ ನನಗಿಲ್ಲ ನೋಡು."

"ನಿಮ್ಮ ಹಪ್ಪಳ ಸಾಯಂಕಾಲಕ್ಕ ಒಣಗ್ತಾವ್ರಿ ಅಮ್ಮಾರ. ಇದು ಒಣಗಾಕ ಮೂರು ದಿನ ಬೇಕು. ನೆಳ್ಳಾಗ ಯಾರು ಕುಂದ್ರಬೇಕು, ನೀವs ಹೇಳ್ರಿ" ಎಂದು ನಗುತ್ತಿದ್ದಳು.

ಕೊನೆಗೆ ಆಕೆ ಕಂಡುಹಿಡಿದದ್ದನ್ನು ಯಜಮಾನರು ನನಗೂ ತಿಳಿಯುವಂತೆ ಹೇಳಿದ್ದರು. ಸೌಳು ಎಲ್ಲ ಕಡೆ ಒಂದೇ ಸಮ ಇಲ್ಲವಂತೆ. ಹಿಂದೆ ಸಣ್ಣ ಹಳ್ಳ ಹರಿಯುತ್ತಿದ್ದ ಜಾಗವನ್ನು ಭತ್ತಕ್ಕಾಗಿ ಮಟ್ಟ ಮಾಡಿ ಮುಚ್ಚಿದ್ದಾರೆ, ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ, ಅಲ್ಲೇ ಉಪ್ಪು ಏಳುತ್ತದೆ. "ನಾ ನಾಕು ವರ್ಷ ಕಾಲುವಿ ದಂಡಿ ನೋಡಕೋತ ಕುಂತಿದ್ದೆ. ಆಕಿ ಮುಚ್ಚಿದ ಹಳ್ಳ ಹುಡಿಕ್ಯಾಳ" ಎಂದಿದ್ದರು. ಯಾರನ್ನೂ ಹೊಗಳುವ ಮನುಷ್ಯನಲ್ಲ ಅವರು. ನನ್ನ ಹೋಳಿಗೆಗೂ "ನಡೀತದ" ಎನ್ನುವವರು.

ಅವರೇ ಆಕೆಗೆ ಹೊರದೇಶದ ಒಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಲು ಹೇಳಿದರು. ಮಣ್ಣು ಮತ್ತು ನೀರಿನ ವಿಷಯದಲ್ಲಿ ಎಂ.ಎಸ್ಸಿ. ಆಯ್ಕೆಯಾದವರಲ್ಲಿ ಕೆಲವರಿಗೆ ಫೆಲೋಶಿಪ್ಪು, ಅಂದರೆ ಊಟ ವಸತಿ ಓದು ಎಲ್ಲ ಅವರದೇ. ಆಕೆಗೆ ಅದು ಸಿಗದಿದ್ದರೆ ಸೀಟು ಸಿಕ್ಕರೂ ಪ್ರಯೋಜನವಿರಲಿಲ್ಲ. ಅರ್ಜಿಯ ಜೊತೆ ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ಬೇಕು, ಮೂವರು ಅಧ್ಯಾಪಕರ ಶಿಫಾರಸು ಪತ್ರ ಬೇಕು. ಪತ್ರ ಬರೆದವರೇ ಅದನ್ನು ಲಕೋಟೆಯಲ್ಲಿಟ್ಟು ಅಂಟಿಸಿ, ಅಂಟಿಸಿದ ಬಾಯಿಯ ಮೇಲೆ ಸಹಿ ಹಾಕಿ ಮೊಹರು ಒತ್ತಿ ವಿದ್ಯಾರ್ಥಿಯ ಕೈಗೆ ಕೊಡಬೇಕು. ವಿದ್ಯಾರ್ಥಿ ಅದನ್ನು ತೆರೆಯುವಂತಿಲ್ಲ. ತೆರೆದರೆ ಪತ್ರವೇ ರದ್ದು. ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕಳಿಸಬೇಕು. ಮೂರರಲ್ಲಿ ಕೆಲಸ ಮಾಡಿಸಿದ ಗುರುವಿನ ಪತ್ರಕ್ಕೇ ತೂಕ ಹೆಚ್ಚು.

ನಮ್ಮ ಕಡೆ ಆಗ ಒಂದು ಪದ್ಧತಿ ಇತ್ತು, ಈಗಲೂ ಇದೆ ಎನ್ನುತ್ತಾರೆ. ಯಾವುದೇ ಪತ್ರ ಬೇಕಾದವರೇ ಅದರ ಕರಡು ಬರೆದು ತರಬೇಕು. ದೊಡ್ಡವರು ಒಂದೆರಡು ಶಬ್ದ ತಿದ್ದಿ ಸಹಿ ಹಾಕುತ್ತಾರೆ. ಯಜಮಾನರೂ ಹಾಗೇ ಮಾಡಿದರು.

"ಕರಡು ಬರಕೊಂಡು ಬಾ. ಗುಮಾಸ್ತನ ಕೈಲೆ ಲೆಟರ್‌ಹೆಡ್ ಮ್ಯಾಲ ಟೈಪು ಮಾಡಿಸಿ ಸಹಿ ಮಾಡ್ತೀನಿ" ಎಂದು ಹೇಳಿ ಕಾಲೇಜಿಗೆ ಹೋದರು.

ಹುಡುಗಿ ಅಡುಗೆಮನೆಗೆ ಬಂದು ನೆಲದ ಮೇಲೆ ಕುಳಿತಳು. ಹಳೆಯ ಪ್ರಶ್ನೆಪತ್ರಿಕೆಯ ಹಿಂಬದಿ, ಕೈಯಲ್ಲಿ ಪೆನ್ಸಿಲ್ಲು. ನಾನು ಪುಂಡಿಪಲ್ಯ ಸೋಸುತ್ತಿದ್ದೆ. ಆಕೆ ಬಹಳ ಹೊತ್ತು ಬರೆದಳು. ಆಮೇಲೆ ಪೆನ್ಸಿಲ್ಲಿನ ತುದಿ ಕಚ್ಚಿದಳು.

"ಅಮ್ಮಾರ, ಒಂದು ಮಾತು ಕೇಳ್ಲೇನ್ರಿ?"

"ಕೇಳವ್ವ."

"ಸರ್ ಬರದಂಗ ನಾನು ಬರೀಬೇಕ್ರಿ. 'ಈ ಹುಡಿಗಿ ಭಾಳ ಶಾಣ್ಯಾ ಅದಾಳ, ಇದನ್ನ ಆಕೀನs ಕಂಡು ಹಿಡದಾಳ' ಅಂತ ಬರಿಯೂದ್ರಿ. ನಾ ಹ್ಯಾಂಗ ಬರೀಲ್ರಿ?"

ನಾನು ಇಂಗ್ಲಿಷ್ ಓದಿದವಳಲ್ಲ. ಅಲ್ಲಿಯವರು ಏನು ನೋಡುತ್ತಾರೆ ಎಂಬುದೂ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಬುದ್ಧಿ ಹೇಳುವ ಚಟ ನನ್ನದು.

"ನೋಡವ್ವ, ಅದು ಹಿರ್‍ಯಾರು ಸಹಿ ಹಾಕೂ ಕಾಗದ. ನಮ್ಮ ಬಾಯಿಲೆ ನಮ್ಮನ್ನ ನಾವು ಹೊಗಳಿಕೊಂಡ್ರ ದೇವರಿಗೂ ಸೇರೂದಿಲ್ಲ, ಮಂದಿಗೂ ಸೇರೂದಿಲ್ಲ. ಸರ್ ಮಾಡಿಸಿದ ಕೆಲಸ ನಾ ಮಾಡೀನಿ ಅಂತ ಬರಿಬ್ಯಾಡ. ತಗ್ಗಿ ಬಗ್ಗಿ ಬರಿ. ನಡತಿ ಛಲೋ ಅದ, ಹೇಳಿದ ಮಾತು ಕೇಳ್ತಾಳ, ಬಡವರ ಮನಿ ಹುಡಿಗಿ ಅಂತ ಬರಿ. ಓದಿದವರಿಗೆ ಕರಳು ಚುರ್ ಅನ್ನಬೇಕು."

"ಹೌದೇನ್ರಿ?"

"ಹೌದಲ್ಲದೇನು. ಸೊಕ್ಕಿನ ಹುಡಿಗಿ ಅಂದ್ರ ಯಾರು ಕರೀತಾರ?"

ಆಕೆ ಹಾಳೆಯನ್ನು ಒಂದಿಷ್ಟು ಹೊತ್ತು ನೋಡಿದಳು. ಪೆನ್ಸಿಲ್ಲು ಆಡಿಸಿದಳು. ಆಮೇಲೆ ಇನ್ನೊಂದು ಹಾಳೆ ತೆಗೆದು ಬೇಗ ಬೇಗ ಬರೆದು ಮುಗಿಸಿದಳು. ಹೋಗುವಾಗ ಮೊದಲ ಹಾಳೆಯನ್ನು ಅಲ್ಲೇ ಬಿಟ್ಟಳು. ನಾನು ಅದನ್ನು ಮಡಚಿ, ಗೋಡೆಯಲ್ಲಿ ಗೂಡಿನಂತಿದ್ದ ಮಾಡದ ಹತ್ತಿರ ರದ್ದಿಯ ಜೊತೆ ಇಟ್ಟೆ. ಒಳ್ಳೆಯ ಮಾತು ಹೇಳಿದೆನೆಂಬ ಸಮಾಧಾನ ನನಗೆ. ಆ ದಿನದ ಎಣಿಕೆಯಲ್ಲಿ ಅದನ್ನೂ ಒಂದು ಗೆಣ್ಣಿನ ಮೇಲೆ ಇಟ್ಟಿದ್ದೆ.

ಪತ್ರದ ಜೊತೆ ಒಂದು ನಮೂನೆಯೂ ಇತ್ತು. ಈ ವಿದ್ಯಾರ್ಥಿ ನೀವು ಕಲಿಸಿದವರಲ್ಲಿ ಎಷ್ಟನೆಯ ಸಾಲಿನವರು, ಸ್ವಂತ ಬುದ್ಧಿಯಿಂದ ಕೆಲಸ ಮಾಡುತ್ತಾರೆಯೇ ಎಂದು ಕೇಳಿ ಚೌಕದ ಮನೆಗಳನ್ನು ಮಾಡಿದ್ದರು, ಅವುಗಳಲ್ಲಿ ಗುರುಗಳೇ ಗುರುತು ಹಾಕಬೇಕಿತ್ತು. ಅದರಲ್ಲೂ ಆಕೆಯೇ ಪೆನ್ಸಿಲ್ಲಿನಿಂದ ಗುರುತು ಹಾಕಿದ್ದಳು, ಎಲ್ಲವೂ ನಡುವಿನ ಮನೆಗಳಲ್ಲಿ.

ಯಜಮಾನರು ಮರುದಿನವೇ ಸುರಪುರದ ಹೊಲಗಳಿಗೆ ಒಂದು ವಾರದ ಕೆಲಸಕ್ಕೆ ಹೋಗುವವರಿದ್ದರು. ಹೊರಡುವ ಹೊತ್ತಿಗೆ, ಹೊರಗೆ ಜೀಪು ನಿಂತಿತ್ತಂತೆ. ಗುಮಾಸ್ತ ಸಹಿಗೆ ಇಟ್ಟ ಕಾಗದಗಳ ನಡುವೆ ಆ ಪತ್ರವೂ ಇತ್ತು. ಬೆರಳಚ್ಚಾಗಿ ಬಂದ ಕರಡನ್ನು ತಾವು ತಿದ್ದಿಲ್ಲ ಎಂಬ ನೆನಪೂ ಅವರಿಗೆ ಬರಲಿಲ್ಲ. ಸಹಿ ಮಾಡಿದರು. ಪೆನ್ಸಿಲ್ಲಿನ ಗುರುತುಗಳ ಮೇಲೆ ಫೋನಿನಲ್ಲಿ ಮಾತಾಡುತ್ತಲೇ ಶಾಯಿ ಎಳೆದರು. ಲಕೋಟೆ ಅಂಟಿಸಿ ಬಾಯಿಯ ಮೇಲೆ ಸಹಿ ಹಾಕಿ ಗುಮಾಸ್ತನ ಕೈಯಲ್ಲಿ ಬಿಟ್ಟು ಜೀಪು ಹತ್ತಿದರು.

ಹುಡುಗಿ ಲಕೋಟೆ ತೆಗೆದುಕೊಂಡು ಊರಿಗೆ ಹೋಗುವ ಮುಂಚೆ ನನಗೆ ತೋರಿಸಲು ಬಂದಳು. ನಾನು ದೇವರ ಮುಂದಿಟ್ಟು ವಿಭೂತಿ ಹಚ್ಚಲು ಹೋದೆ.

"ಬ್ಯಾಡ್ರಿ ಅಮ್ಮಾರ, ಕಲಿ ಬಿದ್ರ ತಗದು ನೋಡ್ಯಾರ ಅಂದಾರು" ಎಂದಳು. ದೂರದಿಂದಲೇ ಕೈ ಮುಗಿದೆ.

ವಾರ ಕಳೆದು ಯಜಮಾನರು ಬಂದರು. ಮರುದಿನ ಬೆಳಿಗ್ಗೆ ವಿಭಾಗದ ಕಡತ ತಿರುವುತ್ತ ಚಹಾ ಕುಡಿಯುತ್ತಿದ್ದರು. ಕಪ್ಪು ಕೆಳಗಿಟ್ಟ ಸದ್ದು ಕೇಳಿ ನಾನು ಹೊರಗೆ ಬಂದೆ. ಅವರ ಕೈಯಲ್ಲಿ ಶಿಫಾರಸು ಪತ್ರದ ಕಚೇರಿ ಪ್ರತಿ ಇತ್ತು.

"ಏ, ಇಲ್ಲಿ ಬಾ. ಇದನ್ನ ನಾ ಬರದೀನೇನು?"

"ಏನಾಯ್ತ್ರಿ?"

ಅವರು ಕನ್ನಡದಲ್ಲಿ ಓದಿ ಹೇಳಿದರು. "ಈ ವಿದ್ಯಾರ್ಥಿನಿ ತರಗತಿಗೆ ತಪ್ಪದೆ ಬರುತ್ತಾಳೆ. ಹಿರಿಯರಿಗೆ ಗೌರವ ಕೊಡುತ್ತಾಳೆ. ವಿಧೇಯಳು. ನಡತೆ ತೃಪ್ತಿಕರ. ಬಡ ಕೂಲಿಕಾರರ ಮಗಳು. ಸವಳು ಮಣ್ಣಿನ ಕುರಿತ ನನ್ನ ಸಂಶೋಧನೆಯಲ್ಲಿ ನಾನು ಹೇಳಿದಂತೆ ನೆರವಾಗಿದ್ದಾಳೆ." ಅಷ್ಟೇ. ಕೆಳಗೆ ಅವರ ಸಹಿ.

"ಇದರಾಗ ಕೆಟ್ಟದ್ದೇನದರಿ?" ಎಂದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

"ಕೆಟ್ಟದ್ದೇನೂ ಇಲ್ಲ, ಅದs ತ್ರಾಸು. ಅಲ್ಲಿಯವ್ರು ನಡತಿ ಕೇಳಂಗಿಲ್ಲ. ಏನು ಮಾಡ್ಯಾಳ, ತಾನs ವಿಚಾರ ಮಾಡ್ತಾಳೇನು, ಅದನ್ನ ಕೇಳ್ತಾರ. ಗುರುವಾದಾಂವ ನಡತಿ ಛಲೋ ಅಂತ ನಾಕು ಸಾಲು ಬರದು ಸುಮ್ಮನಾದ್ರ, ಈಕಿ ಬಗ್ಗೆ ಹೇಳಾಕ ಏನೂ ಇಲ್ಲ ಅಂತ ತಿಳೀತಾರ. ಮೂವತ್ತೊಂದು ಗುಂಡಿ ಎಲ್ಲಿ ಹೋದವು? ಆ ಹಳ್ಳ ಎಲ್ಲಿ ಹೋತು?" ಅವರ ದನಿ ಏರಿತು. ಆಮೇಲೆ ಇಳಿಯಿತು. "ಓದಬೇಕಿತ್ತು. ಒಂದು ನಿಮಿಷ ಓದಬೇಕಿತ್ತು ನಾ."

ಆಗಲೇ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಹುಡುಗಿಯ ಮನೆಯಲ್ಲಿ ಫೋನಿರಲಿಲ್ಲ. ಲಕೋಟೆ ಇನ್ನೂ ಆಕೆಯ ಹತ್ತಿರವೇ ಇರಬಹುದು, ಅಂಕಪಟ್ಟಿ ಬರುವುದಿತ್ತು ಎಂದು ಯಜಮಾನರಿಗೆ ಆಸೆ. ಹೊಸ ಪತ್ರ ಬರೆದು ಅಂಟಿಸಿ ಜೇಬಿನಲ್ಲಿಟ್ಟುಕೊಂಡರು. ನಾನೂ ಬರುತ್ತೇನೆ ಎಂದೆ. ಶಹಾಪುರದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಜಪಿಸುತ್ತಿದ್ದೆ. ಆ ಲಕೋಟೆ ಆಕೆಯ ಟ್ರಂಕಿನಲ್ಲೇ ಇರಲಿ ಎನ್ನುವುದೊಂದೇ ಬೇಡಿಕೆ.

ಮುದನಾಳದಲ್ಲಿ ಆಕೆ ಮನೆಯ ಮುಂದೆ ಅವ್ವನ ಜೊತೆ ಕಾಳು ಹಸನು ಮಾಡುತ್ತಿದ್ದಳು. ನಮ್ಮನ್ನು ಕಂಡು ಇಬ್ಬರೂ ಗಡಬಡಿಸಿ ಎದ್ದರು.

"ಯಪ್ಪಾ, ಸರ್ ಬಂದಾರ! ಅಮ್ಮಾರೂ ಬಂದಾರ! ಕುಂದ್ರಿ, ಕುಂದ್ರಿ" ಎಂದು ಅವ್ವ ಕೌದಿ ಹಾಸಿದಳು.

ಯಜಮಾನರು ಕೂಡಲಿಲ್ಲ. "ಲಕೋಟಿ ಎಲ್ಲಿ ಅದವ್ವ?"

"ನಿನ್ನಿ ಮಧ್ಯಾಹ್ನ ಯಾದಗಿರಿ ಪೋಸ್ಟಿಗೆ ಹಾಕಿ ಬಂದೀನ್ರಿ ಸರ್. ಅಂಕಪಟ್ಟಿ ಮೊನ್ನಿ ಬಂತು. ಇಕಾ, ರಸೀತಿ" ಎಂದು ಪಾಟಿಚೀಲದಿಂದ ತೆಗೆದು ತೋರಿಸಿದಳು. ಆಕೆಯ ಮುಖದಲ್ಲಿ ಎಷ್ಟು ಬೆಳಕಿತ್ತೆಂದರೆ ನಾನು ಬೇರೆ ಕಡೆ ನೋಡಿದೆ.

ಮೂವರೂ ಯಾದಗಿರಿಗೆ ಹೋದೆವು. ಅಂಚೆ ಕಚೇರಿಯ ಕೌಂಟರಿನಲ್ಲಿ ವಯಸ್ಸಾದ ಗುಮಾಸ್ತರು ರಸೀತಿಯನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು.

"ನಿನ್ನಿ ಗಾಡಿಗೆ ಚೀಲ ಹೋತ್ರಿ ಸರ್."

"ತಿರುಗಿ ತರಸಾಕ ಬರೂದಿಲ್ಲೇನ್ರಿ?"

"ಬರ್ತದ್ರಿ. ಕಳಿಸಿದಾವರು ಅರ್ಜಿ ಬರಕೊಡಬೇಕು. ಈ ಹುಡಿಗೀನs ಬರೀಬೇಕು, ನೀವು ಬರದ್ರ ನಡಿಯೂದಿಲ್ಲ. ನಾವು ಮುಂದಿನ ಆಫೀಸಿಗೆ ತಿಳಸ್ತೀವಿ. ದೇಶ ದಾಟೂದ್ರೊಳಗ ಸಿಕ್ರ ತಿರುಗಿ ಬರ್ತದ. ಸಿಗೂದಿಲ್ಲ ಅನ್ನಾಂಗಿಲ್ಲ, ಸಿಗ್ತದ ಅನ್ನಾಂಗೂ ಇಲ್ಲ. ಬಂದ್ರೂ ಕಟ್ಟು ಪೂರಾ ಬರ್ತದ್ರಿ, ನಿಮಗ ಬೇಕಾದ ಒಂದು ಲಕೋಟಿ ಅಷ್ಟs ತಗದು ಕೊಡಾಕ ಬರೂದಿಲ್ಲ."

"ಎಷ್ಟು ದಿನ?"

"ಹತ್ತು ದಿನಾನೂ ಆಗಬೌದು, ತಿಂಗಳೂ ಆಗಬೌದು. ಕೊನೀ ತಾರೀಖು ಎಂದದ?"

ಕೊನೆಯ ತಾರೀಖಿಗೆ ಹದಿನೆಂಟು ದಿನ ಇತ್ತು. ಕಟ್ಟು ಬೇಕಾದಷ್ಟು ಬೇಗ ತಿರುಗಿ ಬರದಿದ್ದರೆ ಅರ್ಜಿಯೇ ಇಲ್ಲ. ಹೊಸ ಕಟ್ಟು ಕಳಿಸೋಣವೆಂದರೆ ಮುಚ್ಚಿದ ಅಂಕಪಟ್ಟಿ ಮತ್ತೆ ತರಿಸಬೇಕು, ಮೊದಲನೆಯದಕ್ಕೇ ಒಂದು ತಿಂಗಳು ಹಿಡಿದಿತ್ತು. ಗುಮಾಸ್ತರು ನಮ್ಮ ಮೂರೂ ಮುಖ ನೋಡಿ ಕೌಂಟರಿನ ಒಳಗಿಂದ ಒಂದು ತಂಬಿಗೆ ನೀರು ಕೊಟ್ಟರು. ಅದೂ ಒಂದು ದಯೆಯೇ. ಅಂದು ಎಣಿಸಲು ನನಗೆ ಸಿಕ್ಕಿದ್ದು ಅದೊಂದೇ.

ಹೊರಗೆ ಬೇವಿನ ಮರದ ಕೆಳಗೆ ಯಜಮಾನರು ಆಕೆಗೆ ಎಲ್ಲ ತಿಳಿಸಿದರು. ಬೈಯಲಿಲ್ಲ. ಕಡೆಗೆ ಕೇಳಿದರು: "ಶಾಣ್ಯಾ ಹುಡಿಗಿ ನೀ. ಹಿಂಗ್ಯಾಕ ಬರದಿ?"

ಆಕೆ ತಲೆ ಎತ್ತಿ ನನ್ನನ್ನು ನೋಡಿದಳು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ತನ್ನ ಚಪ್ಪಲಿ ನೋಡಿದಳು.

"ತಿಳೀಲಿಲ್ರಿ ಸರ್."

ನಾನು ಸೆರಗಿನ ತುದಿ ಸುತ್ತುತ್ತ ನಿಂತಿದ್ದೆ. ಆ ಮರದ ಕೆಳಗೂ ಹೇಳಲಿಲ್ಲ.

"ತಪ್ಪು ನಿಂದಲ್ಲ. ನಾ ಓದದs ಸಹಿ ಮಾಡೀನಿ" ಎಂದರು ಯಜಮಾನರು.

"ಹೋಗ್ಲಿ ಬಿಡ್ರಿ ಸರ್. ಹೋದದ್ದು ಹೋಗ್ಲಿ. ತಿರುಗಿ ತರಸೂದು ಬ್ಯಾಡ್ರಿ. ಪತ್ರದ ಜೋಡಿ ಅರ್ಜೀನೂ ಹೋದ್ರ ಏನು ಮಾಡೂದು?" ಎಂದಳು. ಆಕೆಯೇ ತೀರ್ಮಾನ ಮಾಡಿದಳು.

ಬಸ್ಸಿನಲ್ಲಿ ನಾನು ಮೆಲ್ಲಗೆ ಕೇಳಿದೆ: "ಇದ್ದದ್ದು ಇದ್ದಂಗ ಅಲ್ಲಿಗೆ ಬರದು ತಿಳಸಾಕ ಬರೂದಿಲ್ಲೇನ್ರಿ? ಓದದs ಸಹಿ ಮಾಡೀನಿ, ಇದು ನನ್ನ ಮಾತಲ್ಲ ಅಂತ?"

"ನನ್ನ ಮರ್ಯಾದಿ ಹೋದ್ರ ಹೋಗ್ಲಿ ಅಂತ ನಾನೂ ವಿಚಾರ ಮಾಡಿದೆ" ಎಂದರು. "ಆದ್ರ ಪತ್ರ ಹುಡಿಗೀನs ಬರಕೊಂಡಾಳ ಅಂತ ಗೊತ್ತಾತಂದ್ರ ಅವರು ಆಕಿ ಅರ್ಜೀನs ತಗದು ಹಾಕ್ತಾರ. ನಮ್ಮಲ್ಲಿ ಇದು ರೂಢಿ. ಅಲ್ಲಿ ಇದು ಮೋಸ. ಖರೆ ಹೇಳಿದ್ರೂ ಆಕೀನs ಸಾಯ್ತಾಳ, ಸುಮ್ಮನಿದ್ರೂ ಆಕೀನs." ಕಿಟಕಿಯ ಕಡೆ ತಿರುಗಿ ಕುಳಿತರು. ಕಾಲುವೆಯ ಸೇತುವೆ ದಾಟಿದಾಗ ಎರಡೂ ಕಡೆ ಭತ್ತ ಹಸಿರಾಗಿ ನಿಂತಿತ್ತು.

ಅವರು ಸುಮ್ಮನೆ ಕೂಡಲಿಲ್ಲ. ಹೊಸ ಪತ್ರವನ್ನು ಶಹಾಪುರದ ಎಸ್‌ಟಿಡಿ ಅಂಗಡಿಯಿಂದ ಫ್ಯಾಕ್ಸ್ ಮಾಡಿಸಿದರು. ಹಿಂದಿನ ಪತ್ರದಲ್ಲಿ ಹೇಳದೆ ಉಳಿದದ್ದನ್ನು ಸೇರಿಸುತ್ತಿದ್ದೇನೆ ಎಂದಷ್ಟೇ ಅದರಲ್ಲಿ ಬರೆದಿದ್ದರು. ಎರಡು ಪುಟ, ಗುಂಡಿಗಳು, ಹಳ್ಳ, ಎಲ್ಲ ಇತ್ತು. ಎಂಟು ದಿನಕ್ಕೆ ಉತ್ತರ ಬಂತು. ಬಹಳ ಮರ್ಯಾದೆಯ ಉತ್ತರ. ಅರ್ಜಿಯ ಜೊತೆ ಮುಚ್ಚಿದ ಲಕೋಟೆಯಲ್ಲಿ ಬಂದ ಪತ್ರಗಳನ್ನಷ್ಟೇ ಆಯ್ಕೆ ಸಮಿತಿಯ ಮುಂದೆ ಇಡಲಾಗುವುದು, ಎಲ್ಲ ಅರ್ಜಿದಾರರಿಗೂ ಒಂದೇ ನಿಯಮ, ನಿಮ್ಮ ಕಾಳಜಿಗೆ ವಂದನೆ. ಅವರ ನಿಯಮದಲ್ಲಿ ತಪ್ಪೇನಿತ್ತು? ಬೈಯಲು ಸಹ ಯಾರೂ ಸಿಗಲಿಲ್ಲ.

ಆಮೇಲೆ ಕಾಯುವುದು. ಬೆಳಿಗ್ಗೆ ಪೂಜೆಗೆ ಕುಳಿತರೆ ಅಂಗೈಯ ಮೇಲಿನ ಲಿಂಗದ ಮುಂದೆ ನನಗೆ ಒಂದೇ ಮಾತು ಬರುತ್ತಿತ್ತು. ಯಾರೋ ಒಬ್ಬರ ಕಣ್ಣಿಗೆ ಆ ಹುಡುಗಿ ಕಾಣಲಿ, ಕಾಗದದಲ್ಲಿ ಇಲ್ಲದಿದ್ದರೂ ಕಾಣಲಿ. ಇನ್ನಿಬ್ಬರು ಅಧ್ಯಾಪಕರ ಪತ್ರ ಚೆನ್ನಾಗಿದ್ದವು ಎಂದು ಕೇಳಿದಾಗ ಒಂದು ಗೆಣ್ಣು ಎಣಿಸಿದೆ. ಆಕೆಯ ಅಂಕಗಳು ಕಾಲೇಜಿಗೇ ಮೇಲು ಎಂದಾಗ ಇನ್ನೊಂದು.

ಶ್ರಾವಣಕ್ಕೆ ಮನೆ ಒರೆಸಿ ತೊಳೆಯುವಾಗ ಅಡುಗೆಮನೆಯ ಮಾಡದಲ್ಲಿ ಹಾಸಲು ರದ್ದಿ ತೆಗೆದೆ. ಕೈಗೆ ಆ ಹಾಳೆ ಬಂತು, ಪ್ರಶ್ನೆಪತ್ರಿಕೆಯ ಹಿಂಬದಿ, ಆಕೆಯ ಪೆನ್ಸಿಲ್ಲಿನ ಅಕ್ಷರ. ಇಂಗ್ಲಿಷ್ ತಿಳಿಯದಿದ್ದರೂ ಅಂಕಿ ಓದಲು ಬರುತ್ತದೆ. 31 ಎಂದಿತ್ತು. ತುಂಬ ಬರೆದಿದ್ದಳು, ಹಾಳೆ ಸಾಲದೆ ಅಂಚಿನಲ್ಲೂ. ಕೆಳಗೆ ಒಂದು ಪುಟ್ಟ ನಕ್ಷೆ, ಚುಕ್ಕೆ ಚುಕ್ಕೆ ಗುಂಡಿಗಳು, ಅವುಗಳ ನಡುವೆ ಸೊಟ್ಟಗೆ ಹಾದುಹೋದ ಹಳ್ಳದ ಗೆರೆ. ಎಲ್ಲದರ ಮೇಲೂ ಮೂಲೆಯಿಂದ ಮೂಲೆಗೆ ಒಂದು ಗೀಟು ಎಳೆದಿದ್ದಳು.

ಅದನ್ನು ಯಜಮಾನರಿಗೆ ಕೊಟ್ಟೆ. ಅವರು ನಿಂತಲ್ಲೇ ಓದಿದರು.

"ನಾ ಫ್ಯಾಕ್ಸ್ ಮಾಡಿದ್ದಕ್ಕಿಂತ ಛಲೋ ಬರದಾಳ" ಎಂದರು. "ಇದನ್ನ ಬಿಟ್ಟು ಅದನ್ನ್ಯಾಕ ಕೊಟ್ಟಳು?"

ಆಗ ಹೇಳಿದೆ. ಪುಂಡಿಪಲ್ಯ ಸೋಸುತ್ತ ನಾನಾಡಿದ ಮಾತು ಒಂದನ್ನೂ ಬಿಡದೆ ಹೇಳಿದೆ.

"ನೀ ಹೇಳಿದಿ, ನಾ ಓದಲಿಲ್ಲ" ಎಂದರು. "ಇಬ್ಬರೂ ಕೂಡೇ ಮಾಡೀವಿ." ಅಷ್ಟೇ ಅಂದು ಹಾಳೆ ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋದರು.

ಅಂದಿನಿಂದ ಒಂದು ಮಾತು ನನ್ನನ್ನು ಬಿಟ್ಟಿಲ್ಲ. ತಗ್ಗಿ ಬಗ್ಗಿ ಬರಿ ಎಂದು ನಾನು ಹೇಳಿದ್ದು ಯಾರಿಗೆ? ಗಂಡುಮಕ್ಕಳು ಎಷ್ಟೋ ಜನ ಬಂದು ನಮ್ಮ ಪಡಸಾಲೆಯಲ್ಲಿ ಕುಳಿತು ಕರಡು ಬರೆದಿದ್ದಾರೆ. ಹೊಲದ ಗೌಡರ ಮಕ್ಕಳು, ಕಾಳಿನ ದಲ್ಲಾಳಿ ಮಾಡುವ ಅಡತಿ ಅಂಗಡಿಯವರ ಮಕ್ಕಳು. ಅವರಿಗೆ ನಾನು ಚಹಾ ಕೊಟ್ಟಿದ್ದೆ, ಬುದ್ಧಿ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಬಗ್ಗಿಯೇ ಇರಲು ಕಲಿತ ಮನೆಯ ಮಗಳು ಒಂದು ಸಲ, ಒಂದು ಹಾಳೆಯ ಮೇಲೆ, ನೆಟ್ಟಗೆ ನಿಂತಿದ್ದಳು. ಬಗ್ಗು ಎಂದವಳು ನಾನು. ಅದಕ್ಕೆ ದೇವರ ಹೆಸರನ್ನೂ ಸೇರಿಸಿದ್ದೆ.

ಹಾಳೆಯನ್ನು ರದ್ದಿಗೆ ಹಾಕಲು ಮನಸ್ಸಾಗಲಿಲ್ಲ. ದೇವರ ಜಗಲಿಯ ಮೇಲೆ ಇಡಲು ಧೈರ್ಯವಾಗಲಿಲ್ಲ. ಮಾಡದಲ್ಲೇ ಹಾಸಿ ಮೇಲೆ ಉಪ್ಪಿನ ಡಬ್ಬಿ ಇಟ್ಟೆ.

ಉತ್ತರ ಬಂದದ್ದು ದೀಪಾವಳಿಯ ನಂತರ. ಸೀಟು ಕೊಟ್ಟಿದ್ದರು. ಫೆಲೋಶಿಪ್ಪು ಕೊಟ್ಟಿರಲಿಲ್ಲ. ಕಾರಣ ಬರೆದಿರಲಿಲ್ಲ, ಬರೆಯುವ ಪದ್ಧತಿಯೂ ಇಲ್ಲವಂತೆ. ಆ ಪತ್ರದಿಂದಲೇ ಹೋಯಿತು ಎಂದು ಯಾರೂ ಹೇಳಿಲ್ಲ. ಅಲ್ಲ ಎಂದೂ ಯಾರೂ ಹೇಳಿಲ್ಲ. ಯಜಮಾನರು ಮುಂದಿನ ವರ್ಷ ಮತ್ತೆ ಹಾಕು, ಈ ಸಲ ನಾನೇ ಬರೆಯುತ್ತೇನೆ ಎಂದು ಎರಡು ಸಲ ಹೇಳಿ ಕಳಿಸಿದರು.

ಆಕೆ ಬಂದದ್ದು ನಾಲ್ಕು ತಿಂಗಳು ಬಿಟ್ಟು. ಕೈಯಲ್ಲಿ ಪೇಡೆಯ ಪೊಟ್ಟಣ. ಸುರಪುರ ತಾಲ್ಲೂಕಿನಲ್ಲೇ ರೈತ ಸಂಪರ್ಕ ಕೇಂದ್ರದಲ್ಲಿ ನೌಕರಿ ಸಿಕ್ಕಿತ್ತು. ಯಜಮಾನರು ಕಾಲೇಜಿನಲ್ಲಿದ್ದರು. ಆಕೆ ಮೊದಲಿನಂತೆ ಅಡುಗೆಮನೆಗೇ ಬಂದು ಕುಳಿತಳು.

"ಮತ್ತ ಅರ್ಜಿ ಹಾಕೂದಿಲ್ಲೇನವ್ವ?" ಎಂದೆ.

"ನೌಕರಿ ಬಂದದ್ರಿ ಅಮ್ಮಾರ. ಬಂದದ್ದು ಬಿಟ್ಟು ಇನ್ನೊಂದರ ದಾರಿ ಕಾಯೂದು ನಮ್ಮಂಥಾವರಿಗೆ ಆಗೂದಿಲ್ರಿ. ಅಪ್ಪನ ಸೊಂಟ ಹಿಡದದ, ಕೂಲಿಗೆ ಹೋಗಾಕ ಆಗವಲ್ದು." ಪೇಡೆಯ ಪೊಟ್ಟಣ ಬಿಚ್ಚಿದಳು. "ಬಾಯಿ ಸಿಹಿ ಮಾಡ್ಕೋರಿ ಮೊದಲ. ಯಾಕ ಹಿಂಗ ಮಾರಿ ಮಾಡೀರಿ? ಸೌಳಿನ ಹೊಲಾನ ನೋಡಾಕ ಹೊಂಟೀನ್ರಿ, ಹೊರದೇಶದಾಗ ಅದು ಎಲ್ಲಿ ಸಿಗ್ತಿತ್ತು ನನಗ?"

ನಗಿಸಲು ಹೇಳಿದಳು. ನನಗೆ ನಗು ಬರಲಿಲ್ಲ. ಪೇಡೆಯನ್ನು ಕೈಯಲ್ಲೇ ಹಿಡಿದು ಹೇಳಿದೆ: "ತಂಗೀ, ಅವತ್ತು ಪೋಸ್ಟಾಫೀಸಿನ ಮುಂದ ನೀ ನನ್ನ ಹೆಸರು ಹೇಳಲಿಲ್ಲ. ನಾ ಹಂಗ ಬರಿ ಅಂದಿದ್ದಕ್ಕs ನೀ ಹಂಗ ಬರದಿ. ನಿಂದು ನಾ ಕೆಡಿಸೀನಿ. ನನ್ನ ಕ್ಷಮಿಸು ಅನ್ನಾಕೂ ನನಗ ಮಾರಿಯಿಲ್ಲ."

ಆಕೆ ನನ್ನನ್ನು ನೋಡಿದಳು. ಬಹಳ ಸಮಾಧಾನದಿಂದ, ಮನೆಯ ಹಿರಿಯಳು ಸಣ್ಣವಳನ್ನು ನೋಡುವಂತೆ.

"ಛೆ, ಹಂಗೇನಿಲ್ರಿ ಅಮ್ಮಾರ. ನೀವು ಹೇಳದಿದ್ರೂ ನಾ ಹಂಗs ಬರೀತಿದ್ದೆ. ನನಗ ಬ್ಯಾರೆ ಬರಿಯಾಕs ಬರ್ತಿರಲಿಲ್ರಿ. ಗುಂಡಿ ಗಿಂಡಿ ಬರೀಬೇಕಂತ ನನ್ನ ತಲ್ಯಾಗs ಬಂದಿರಲಿಲ್ಲ."

ಆಕೆಯ ತಲೆಯ ಮೇಲೆ, ಒಂದು ಮೊಳದ ಅಳತೆಯಲ್ಲಿ, ಮಾಡ ಇತ್ತು. ಉಪ್ಪಿನ ಡಬ್ಬಿಯ ಕೆಳಗಿನಿಂದ ಹಾಳೆಯ ಅಂಚು ಕಾಣುತ್ತಿತ್ತು. ಆ ಹಾಳೆ ನನ್ನ ಹತ್ತಿರ ಇದೆಯೆಂದು ಆಕೆಗೆ ಗೊತ್ತಿರಲಿಲ್ಲ. ತೆಗೆದು ತೋರಿಸಿದರೆ ಆಕೆಯ ಸುಳ್ಳು ಬಯಲಾಗುತ್ತಿತ್ತು. ನನಗಾಗಿ ಆಡಿದ ಸುಳ್ಳು ಅದು. ತೋರಿಸದಿದ್ದರೆ ಆ ಸುಳ್ಳನ್ನು ನಾನು ತೆಗೆದುಕೊಂಡಂತಾಗುತ್ತಿತ್ತು.

"ಹೌದೇನು" ಎಂದೆ.

"ಹೌದ್ರಿ."

ಪೇಡೆ ಬಾಯಿಗೆ ಹಾಕಿಕೊಂಡೆ. ಎದ್ದು ಮಾಡದ ಮುಂದೆ ಹೋಗಿ, ಆಕೆಗೆ ಬೆನ್ನು ಮಾಡಿ ನಿಂತು, ಹಾಳೆಯ ಅಂಚನ್ನು ಬೆರಳಿನಿಂದ ಡಬ್ಬಿಯ ಕೆಳಗೆ ತಳ್ಳಿದೆ. ಆಮೇಲೆ ಚಹಾಕ್ಕೆ ನೀರಿಟ್ಟೆ.